ಉದ್ದರಿ ಪುಸ್ತಕ, ಪುಟ 41: ಹಾಳೆಗೆ ಏರಿಸಿದ ಪ್ರತಿ, ತಾಳೆ ಮತ್ತು ಷರಾ

ಅಂಗಡಿ: ಸಾಗರದ ದಿನಸಿ ಅಂಗಡಿ
ಅವಧಿ: 6-11-2023 ರಿಂದ 10-11-2023
ಫೋಟೋ: 41-ಅ (ಇಡೀ ಪುಟ), 41-ಆ (ಕೆಳಗಿನ ಅರ್ಧ), 41-ಇ (ಹೊಲಿಗೆಯ ಬದಿ)
ಸ್ಥಿತಿ: ಪುಟದೊಳಗಿನ ತಾಳೆ ಮುಗಿದಿದೆ, ಪುಟ 42ಕ್ಕೆ ತೆಗೆದುಕೊಂಡು ಹೋದ ಮೊತ್ತ ತಾಳೆಯಾಗಿಲ್ಲ

ಚಿಕ್ಕಪ್ಪ, ಕೆಳಗಿನ ಪಟ್ಟಿಯಲ್ಲಿ ಇರುವುದು ತಿದ್ದಿದ ನಂತರದ ಅಂಕಿಗಳು. ಮೊದಲು ಹೇಗೆ ಓದಿದ್ದೆ, ಯಾವ ತಾಳೆಯಲ್ಲಿ ಸಿಕ್ಕಿಬಿತ್ತು ಎಂಬುದು ಪಟ್ಟಿಯ ನಂತರ ಇದೆ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಏರಿಸಿದ್ದೇನೆ. ಪುಸ್ತಕದ ಲೆಕ್ಕವೇ ತಪ್ಪಿದ್ದರೂ ಅಂಕಿಯನ್ನು ಮುಟ್ಟಿಲ್ಲ, ಷರಾದಲ್ಲಿ ಬರೆದಿದ್ದೇನೆ.

ಹಿಂದಿನ ಪುಟದಿಂದ ಬಂದ ಬಾಕಿ: 18,465

| ಸಾಲು | ತಾರೀಖು | ಖಾತೆ | ಸಾಮಾನು | ಪರಿಮಾಣ | ದರ | ಉದ್ದರಿ | ಜಮಾ | ತಾಳೆ | ಷರಾ |
|---|---|---|---|---|---|---|---|---|---|
| 1 | 6-11 | ಹೋಟೆಲ್ | ಸೋನಾಮಸೂರಿ ಅಕ್ಕಿ | 25 | 58 | 1450 | | 0 | |
| 2 | 6-11 | ಹೋಟೆಲ್ | ತೊಗರಿಬೇಳೆ | 4.5 | 168 | 756 | | 0 | |
| 3 | 6-11 | ಟೈಲರ್ | ಸಕ್ಕರೆ | 2 | 44 | 88 | | 0 | |
| 4 | 7-11 | ಮೇಷ್ಟ್ರು | ಬೆಲ್ಲ | 1.25 | 64 | 80 | | 0 | ಪರಿಮಾಣ ತಿದ್ದಿದೆ |
| 5 | 7-11 | ಮೇಷ್ಟ್ರು | ಕಡಲೆಕಾಯಿ ಎಣ್ಣೆ | 2 | 185 | 370 | | 0 | |
| 6 | 7-11 | ಹೋಟೆಲ್ | ನಗದು | | | | 1500 | | |
| 7 | 8-11 | ಗ್ಯಾರೇಜ್ | ಚಹಾಪುಡಿ | 0.5 | 380 | 190 | | 0 | |
| 8 | 8-11 | ಗ್ಯಾರೇಜ್ | ಸಕ್ಕರೆ | 3 | 44 | 130 | | 2 | ಪುಸ್ತಕದಲ್ಲೇ ಹೀಗಿದೆ |
| 9 | 8-11 | ಹೋಟೆಲ್ | ಮೈದಾ | 5 | 42 | 210 | | 0 | ಖಾತೆ ತಿದ್ದಿದೆ |
| 10 | 9-11 | ಟೈಲರ್ | ನಗದು | | | | 300 | | |
| 11 | 9-11 | ಮೇಷ್ಟ್ರು | ಬ್ಯಾಡಗಿ ಮೆಣಸಿನಕಾಯಿ | 0.75 | 480 | 360 | | 0 | |
| 12 | 10-11 | ಹೋಟೆಲ್ | ಕಡಲೆಹಿಟ್ಟು | 6 | 96 | 576 | | 0 | ಮೊಬಲಗು ತಿದ್ದಿದೆ |
| 13 | 10-11 | ಹೋಟೆಲ್ | ಪಾಮ್ ಎಣ್ಣೆ | 10 | 98 | 980 | | 0 | |
| 14 | 10-11 | ಗ್ಯಾರೇಜ್ | ನಗದು | | | | 250 | | ಮೊಬಲಗು ತಿದ್ದಿದೆ |

ಪುಟದ ಮೊತ್ತ: ಉದ್ದರಿ 5,190, ಜಮಾ 2,050, ಉಳಿದ ಬಾಕಿ 21,605. ಮೂರೂ ಪುಟದ ಅಡಿಯಲ್ಲಿ ಬರೆದ ಮೊತ್ತಗಳಿಗೆ ಸರಿಹೋಗುತ್ತವೆ.

ತಾಳೆಯ ಸೂತ್ರಗಳು

ಹಾಳೆಯ 1ನೇ ಸಾಲು ತಲೆಬರಹ, ಲೆಕ್ಕ 2ರಿಂದ 15ರವರೆಗೆ. ಪರಿಮಾಣ E, ದರ F, ಉದ್ದರಿ G, ಜಮಾ H. M1ರಿಂದ M4ರವರೆಗೆ ಕ್ರಮವಾಗಿ ಬಂದ ಬಾಕಿ, ಉದ್ದರಿ ಮೊತ್ತ, ಜಮಾ ಮೊತ್ತ, ಉಳಿದ ಬಾಕಿ. ಈ ನಾಲ್ಕನ್ನೂ ಫೋಟೋ ನೋಡಿ ಕೈಯಿಂದಲೇ ತುಂಬಬೇಕು. ಅಲ್ಲಿಯೂ ಸೂತ್ರ ಹಾಕಿದರೆ ಹಾಳೆ ತನ್ನನ್ನು ತಾನೇ ಒಪ್ಪಿಕೊಂಡು ಸುಮ್ಮನಾಗುತ್ತದೆ. ಅದು ತಾಳೆಯಲ್ಲ, ಕನ್ನಡಿ.

```
I2:  =IF(H2>0,"",E2*F2-G2)
N2:  =SUM(G2:G15)-M2
N3:  =SUM(H2:H15)-M3
N4:  =M1+SUM(G2:G15)-SUM(H2:H15)-M4
N5:  =COUNT(G2:G15)+COUNT(H2:H15)-14
```

N5 ಏಕೆ ಎಂದು ನೀವು ಕೇಳುತ್ತೀರಿ. ಪುಟದ ಫೋಟೋದಲ್ಲಿ ಬೆರಳಿಟ್ಟು ಎಣಿಸಿದರೆ 14 ಸಾಲುಗಳಿವೆ, ಹಾಳೆಯಲ್ಲಿಯೂ 14 ಅಂಕಿಗಳಿರಬೇಕು. ಸಾಲು ಬಿಟ್ಟುಹೋದರೆ ಇದು ಹೇಳುತ್ತದೆ. ಇನ್ನೊಂದು ಉಪಯೋಗವೂ ಇದೆ: ಕನ್ನಡ ಕೀಲಿಮಣೆಯಲ್ಲಿ ೨೫೦ ಎಂದು ಒತ್ತಿದರೆ ಹಾಳೆ ಅದನ್ನು ಸಂಖ್ಯೆ ಎಂದು ತಿಳಿಯದೆ ಅಕ್ಷರವೆಂದು ಇಟ್ಟುಕೊಳ್ಳಬಹುದು. ಕಣ್ಣಿಗೆ ಅಂಕಿ ಕಾಣುತ್ತದೆ, ಮೊತ್ತದಲ್ಲಿ ಮಾತ್ರ ಇರುವುದಿಲ್ಲ. ಆದ್ದರಿಂದ ಅಜ್ಜಿ ಕನ್ನಡ ಅಂಕಿಯಲ್ಲಿ ಬರೆದದ್ದನ್ನೂ 250 ಎಂದೇ ಏರಿಸಿದ್ದೇನೆ.

ಮೊದಲ ಓದಿನಲ್ಲಿ ತಾಳೆಯಾಗದೆ ಉಳಿದದ್ದು

ಮೊದಲ ಸುತ್ತಿನಲ್ಲಿ ಉದ್ದರಿ 5,181 ಬಂತು, ಪುಸ್ತಕಕ್ಕಿಂತ 9 ಕಡಿಮೆ. ಜಮಾ 2,150, ಪುಸ್ತಕಕ್ಕಿಂತ 100 ಹೆಚ್ಚು. ಉಳಿದ ಬಾಕಿ 21,496, ಪುಸ್ತಕಕ್ಕಿಂತ 109 ಕಡಿಮೆ. ಕೊನೆಯ ವ್ಯತ್ಯಾಸ ಮೊದಲ ಎರಡನ್ನು ಸೇರಿಸಿದಷ್ಟೇ ಇದ್ದುದರಿಂದ ಬಂದ ಬಾಕಿ 18,465ನ್ನು ಸರಿಯಾಗಿಯೇ ಓದಿದ್ದೇನೆ ಎಂಬುದು ಅಲ್ಲಿಯೇ ಗೊತ್ತಾಯಿತು. ಪುಟ 40ರ ಅಡಿಯಲ್ಲಿಯೂ ಅದೇ ಇದೆ.

ಸಾಲು 12. ವ್ಯತ್ಯಾಸ 9 ಬಂದರೆ ಮೊದಲು ಹುಡುಕಬೇಕಾದದ್ದು ಅಕ್ಕಪಕ್ಕದ ಅಂಕಿಗಳ ಅದಲುಬದಲನ್ನು. ಎರಡು ಅಂಕಿಗಳು ಜಾಗ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ: 76ರಿಂದ 67 ಕಳೆದರೆ 9, 82ರಿಂದ 28 ಕಳೆದರೆ 54. ಇಲ್ಲಿ ಪುಸ್ತಕದ ೫೭೬ ಹಾಳೆಯಲ್ಲಿ 567 ಆಗಿತ್ತು. 6 ಕಿಲೋ, ದರ 96, ಗುಣಿಸಿದರೆ 576. ಸಾಲಿನ ತಾಳೆಯೂ ಅದೇ 9ನ್ನು ತೋರಿಸುತ್ತಿತ್ತು.

ಸಾಲು 14. ಇದು ನಗದು ಜಮಾ, ಗುಣಿಸಿ ನೋಡಲು ಪರಿಮಾಣವಿಲ್ಲ, ದರವಿಲ್ಲ. ಹಾಗಾಗಿ ಜಮಾ ಸಾಲುಗಳೇ ಈ ಪುಸ್ತಕದಲ್ಲಿ ಅತ್ಯಂತ ಅಪಾಯದ ಸಾಲುಗಳು. ಅಜ್ಜಿಯ ಕೈಬರಹದ ೨ರ ಬಾಲ ಹೋಗಿ ಕೆಳಗಿನ ಗೀಟಿಗೆ ತಾಗಿದೆ. 41-ಅ ಫೋಟೋದಲ್ಲಿ ಅದು ೩ರ ಹಾಗೆಯೇ ಕಾಣುತ್ತದೆ. 350 ಎಂದು ಓದಿದ್ದೆ. ಜಮಾ ಮೊತ್ತದಲ್ಲಿ ಸರಿಯಾಗಿ 100 ಹೆಚ್ಚು ಬಂದಾಗ ನೂರರ ಸ್ಥಾನದ ಅಂಕಿಗಳನ್ನು ಮಾತ್ರ ನೋಡಿದರೆ ಸಾಕಿತ್ತು, ಅಂಥವು ಮೂರೇ. ಆದರೂ ಮೊತ್ತಕ್ಕೆ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ 250 ಮಾಡಿಲ್ಲ. 41-ಆ ಫೋಟೋವನ್ನು ಹಿಗ್ಗಿಸಿ ನೋಡಿದೆ, ಖಾತೆ ಪುಸ್ತಕದ ಗ್ಯಾರೇಜ್ ಪುಟದಲ್ಲಿಯೂ 10ನೇ ತಾರೀಖಿಗೆ 250 ಎಂದೇ ಇದೆ. ಮೊತ್ತ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ ಅಷ್ಟೇ. ಅಂಕಿ ಯಾವುದೆಂದು ಕಣ್ಣೇ ಹೇಳಬೇಕು.

ಸಾಲು 4. ಇದು ನಿಮ್ಮದೇ ಕೈಬರಹ, ಚಿಕ್ಕಪ್ಪ. ಒಂದೂಕಾಲು ಕಿಲೋ ಬೆಲ್ಲವನ್ನು ಹಳೆಯ ಪದ್ಧತಿಯಂತೆ ‘1|’ ಎಂದು ಬರೆದಿದ್ದೀರಿ. ಮೊದಲ ಓದಿನಲ್ಲಿ ಅದು 11 ಕಿಲೋ. ಮೊಬಲಗು 80 ಸರಿಯಾಗಿಯೇ ಇದ್ದುದರಿಂದ ಪುಟದ ಯಾವ ಮೊತ್ತವೂ ಇದನ್ನು ಹಿಡಿಯುತ್ತಿರಲಿಲ್ಲ. 64ರ ದರದಲ್ಲಿ 11 ಕಿಲೋ 704 ಆಗುತ್ತದೆ, I ಕಾಲಂನಲ್ಲಿ 624 ಎಂದು ಎದ್ದು ಕಾಣಿಸಿತು. ಸಾಲು 2ರ ‘4||’ ನಾಲ್ಕೂವರೆ, ಸಾಲು 11ರ ‘|||’ ಮುಕ್ಕಾಲು. ಅಜ್ಜಿ ಬರೆದಲ್ಲಿ ಈ ಗೊಂದಲವಿಲ್ಲ, ಏಕೆಂದರೆ ೧ ಮತ್ತು ಗೀಟು ಒಂದೇ ಹಾಗೆ ಇರುವುದಿಲ್ಲ. ಅವರ ಬರಹದಲ್ಲಿ ನೋಡಿಕೊಳ್ಳಬೇಕಾದವು ೨-೩, ೬-೯, ಮತ್ತು ಸರಿಯಾಗಿ ಸುತ್ತದೆ ಬಿಟ್ಟ ೦-೧. ಒಂದೇ ಪುಟದಲ್ಲಿ ಎರಡೂ ಬಗೆಯ ಅಂಕಿ ಬೆರೆತಾಗ ಅಜ್ಜಿಯ ೪ ನಿಮ್ಮ 8 ಆಗಿಬಿಡುತ್ತದೆ. ಯಾವ ಸಾಲು ಯಾರ ಕೈಬರಹ ಎಂದು ಗುರುತಿಸಿಕೊಂಡೇ ಓದುತ್ತಿದ್ದೇನೆ.

ಸಾಲು 8. ತಾಳೆ 2 ತೋರಿಸುತ್ತದೆ, ಆದರೆ ಓದಿನಲ್ಲಿ ತಪ್ಪಿಲ್ಲ. ಮೂರು ಕಿಲೋ ಸಕ್ಕರೆ 132 ಆಗಬೇಕು, ನೀವು 130 ಬರೆದು ಚಿಲ್ಲರೆ ಬಿಟ್ಟಿದ್ದೀರಿ ಎಂದು ತಿಳಿದಿದ್ದೇನೆ. ಪುಟದ ಮೊತ್ತದಲ್ಲಿಯೂ 130 ಹಿಡಿದಿದೆ. ಹಾಗೆಯೇ ಬಿಟ್ಟಿದ್ದೇನೆ.

ಮೊತ್ತ ಸರಿಯಿದ್ದೂ ತಪ್ಪಿದ್ದ ಸಾಲು

ಮೇಲಿನವುಗಳನ್ನು ತಿದ್ದಿದ ಮೇಲೆ N2ರಿಂದ N5ರವರೆಗೆ ಎಲ್ಲವೂ ಸೊನ್ನೆ. ಅಲ್ಲಿಗೇ ನಿಲ್ಲಿಸಿದ್ದರೆ ಹೋಟೆಲ್‌ನವರ 210 ರೂಪಾಯಿ ಗ್ಯಾರೇಜಿನವರ ತಲೆಗೆ ಬರುತ್ತಿತ್ತು. ಸಾಲು 8ರಲ್ಲಿ ‘ಗ್ಯಾರೇಜ್’ ಎಂಬುದಕ್ಕೆ ಮೇಲಿನಂತೆ ಎನ್ನುವ ಎರಡು ಚುಕ್ಕಿಗಳಿವೆ. ಸಾಲು 9ರಲ್ಲಿ ‘ಹೋ’ ಎಂದು ಮಾತ್ರ ಇದೆ, ಅದೂ ಹೊಲಿಗೆಯ ಮಡಿಕೆಯೊಳಗೆ. 41-ಅದಲ್ಲಿ ಅದು ಮತ್ತೊಂದು ಜೋಡಿ ಚುಕ್ಕಿಯಂತೆ ಕಂಡಿತ್ತು. ಪುಟದ ಮೊತ್ತಕ್ಕೆ ಯಾರ ಹೆಸರಾದರೂ ಒಂದೇ. ಆದ್ದರಿಂದ ಖಾತೆವಾರು ಬಾಕಿಯನ್ನು ಖಾತೆ ಪುಸ್ತಕದ ಜೊತೆ ಬೇರೆಯಾಗಿ ಹೋಲಿಸಿದೆ. P ಕಾಲಂನಲ್ಲಿ ಖಾತೆಯ ಹೆಸರು, Q ಕಾಲಂನಲ್ಲಿ ಈ ಪುಟದಿಂದ ಆದ ಏರಿಳಿತ:

```
Q2:  =SUMIFS(G$2:G$15,C$2:C$15,P2)-SUMIFS(H$2:H$15,C$2:C$15,P2)
```

| ಖಾತೆ | ಬಂದ ಬಾಕಿ | ಈ ಪುಟದಿಂದ | ಉಳಿದ ಬಾಕಿ | ಖಾತೆ ಪುಸ್ತಕದಲ್ಲಿ | ಸಾಲು 9 ತಿದ್ದುವ ಮೊದಲು |
|---|---|---|---|---|---|
| ಹೋಟೆಲ್ | 9,240 | 2,472 | 11,712 | 11,712 | 11,502 |
| ಗ್ಯಾರೇಜ್ | 1,130 | 70 | 1,200 | 1,200 | 1,410 |
| ಟೈಲರ್ | 2,145 | -212 | 1,933 | 1,933 | 1,933 |
| ಮೇಷ್ಟ್ರು | 3,950 | 810 | 4,760 | 4,760 | 4,760 |
| ಹೂವಿನ ಅಂಗಡಿ | 2,000 | 0 | 2,000 | 2,000 | 2,000 |
| ಒಟ್ಟು | 18,465 | 3,140 | 21,605 | 21,605 | 21,605 |

ಕೊನೆಯ ಸಾಲನ್ನು ನೋಡಿ: ಎರಡು ಖಾತೆ ತಪ್ಪಿದ್ದಾಗಲೂ ಒಟ್ಟು 21,605 ಆಗಿಯೇ ಇತ್ತು. 41-ಇ ಫೋಟೋ ತೆಗೆದದ್ದು ಇದಕ್ಕಾಗಿಯೇ. ಪುಸ್ತಕವನ್ನು ಮೇಜಿನ ಅಂಚಿಗೆ ಇಟ್ಟು, ಎಡಪುಟವನ್ನು ಕೆಳಕ್ಕೆ ಇಳಿಬಿಟ್ಟು, ಬಲಪುಟದ ಮಡಿಕೆಯನ್ನು ಬಿಡಿಸಿ ಕಿಟಕಿಯ ಬೆಳಕಿನಲ್ಲಿ ತೆಗೆದರೆ ‘ಹೋ’ ಸ್ಪಷ್ಟವಾಗಿದೆ. ಫ್ಲ್ಯಾಶ್ ಹಾಕಿದರೆ ಅಜ್ಜಿಯ ಪೆನ್ಸಿಲ್ ಬರಹ ಹೊಳೆದು ಮಾಯವಾಗುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ಮೇಷ್ಟ್ರು, ಮೇಷ್ಟರು, ಮೇ॥ ಎಂದು ಮೂರು ಬಗೆಯಲ್ಲಿದೆ. ಹಾಳೆಗೆ ಅವು ಮೂವರು ಬೇರೆ ಬೇರೆ ಗಿರಾಕಿಗಳು. ಎಲ್ಲ ಕಡೆ ‘ಮೇಷ್ಟ್ರು’ ಎಂದೇ ಹಾಕಿದ್ದೇನೆ.

ಪುಸ್ತಕದಲ್ಲಿಯೇ ಇರುವ ವ್ಯತ್ಯಾಸ

ಪುಟ 41ರ ಅಡಿಯಲ್ಲಿ 21,605. ಪುಟ 42ರ ತಲೆಯಲ್ಲಿ ‘ಹಿಂದಿನ ಪುಟದಿಂದ’ 21,065. ಎರಡೂ ನಿಮ್ಮ ಕೈಬರಹ, ಶಾಯಿ ನೀಲಿ, ಎರಡು ಫೋಟೋಗಳಲ್ಲಿಯೂ ಸ್ಪಷ್ಟವಾಗಿದೆ, ಓದಿನಲ್ಲಿ ಅನುಮಾನವಿಲ್ಲ. ವ್ಯತ್ಯಾಸ 540, ಅದೂ 9ರಿಂದ ಭಾಗವಾಗುತ್ತದೆ. 6 ಮತ್ತು 0 ಜಾಗ ಬದಲಿಸಿವೆ. ಮರುದಿನ ನರಕ ಚತುರ್ದಶಿಯ ಮುನ್ನಾದಿನದ ಗಿರಾಕಿಗಳ ನಡುವೆ ಹೊಸ ಪುಟ ತೆಗೆದಿದ್ದೀರಿ, ಆಶ್ಚರ್ಯವೇನಿಲ್ಲ. ಪುಟ 42ರಲ್ಲಿ 21,065 ಎಂದೇ ಏರಿಸಿ ಆ ಕೋಶಕ್ಕೆ ಹಳದಿ ಬಣ್ಣ ಹಾಕಿದ್ದೇನೆ. ವಸೂಲಿ ಮಾಡುವುದು ಖಾತೆ ಪುಸ್ತಕ ನೋಡಿಯೇ ಆದ್ದರಿಂದ ಯಾವ ಗಿರಾಕಿಯ ಬಾಕಿಯೂ ಇದರಿಂದ ಹೆಚ್ಚು ಕಡಿಮೆಯಾಗಿಲ್ಲ. ಆದರೆ ಮುಂದೆ ಯಾರೂ ತಿದ್ದಿರದಿದ್ದರೆ ವರ್ಷದ ಕೊನೆಯ 31-3-2024ರ ಪುಟದವರೆಗೂ ಒಟ್ಟು ಉದ್ದರಿ 540 ಕಡಿಮೆಯೇ ಕಾಣುತ್ತದೆ, ಲೆಕ್ಕ ಬರೆಯುವವರಿಗೆ ಕೊಟ್ಟ ಮೊತ್ತವೂ ಸೇರಿ.

ನಿಮ್ಮಿಂದ ಗೊತ್ತಾಗಬೇಕಾದದ್ದು ಇಷ್ಟು. ಸಾಲು 8ರ 2 ರೂಪಾಯಿ ಬಿಟ್ಟದ್ದೇ, ಅಥವಾ ಆ ದಿನ ಸಕ್ಕರೆಯ ದರ ಬೇರೆ ಇತ್ತೇ? 540ನ್ನು ಮುಂದಿನ ಯಾವುದಾದರೂ ಪುಟದಲ್ಲಿ ಸರಿಪಡಿಸಿದ ನೆನಪಿದೆಯೇ? ಇದ್ದರೆ ಪುಟದ ಸಂಖ್ಯೆ ಹೇಳಿ, ಇಲ್ಲದಿದ್ದರೆ ನಾನು ಒಂದೊಂದೇ ಪುಟದ ತಲೆಯನ್ನು ನೋಡುತ್ತಾ ಹೋಗುತ್ತೇನೆ.

ಪುಟ 42ರ ಮೊದಲ ಸುತ್ತಿನಲ್ಲಿ ಉದ್ದರಿ 320 ಕಡಿಮೆ, ಜಮಾ 320 ಹೆಚ್ಚು, ಬಾಕಿಯಲ್ಲಿ 640 ವ್ಯತ್ಯಾಸ ಬಂದಿದೆ. 320ರ ಯಾವುದೋ ಉದ್ದರಿ ಸಾಲು ಜಮಾ ಕಾಲಂನಲ್ಲಿ ಕುಳಿತಿದೆ. ಆ ಪುಟದಲ್ಲಿ 320 ಎರಡು ಕಡೆ ಇದೆ, ಟೈಲರ್ ಒಂದು, ಹೋಟೆಲ್ ಒಂದು. ಹೊಲಿಗೆಯ ಬದಿಯ ಫೋಟೋ ಇನ್ನೊಮ್ಮೆ ತೆಗೆಯಬೇಕು, ಪುಸ್ತಕವನ್ನು ಭಾನುವಾರ ಮನೆಗೆ ತಂದಿಡಿ.