ಅಡಿಕೆ ಹಾಳೆ ತಟ್ಟೆ ಫೋಟೋಶೂಟ್: ನಮಗೆ ಬೇಕಾದದ್ದು

ಅಣ್ಣ, ಶನಿವಾರ ಬೆಳಿಗ್ಗೆ 8ಕ್ಕೆ ಬದಿಯಡ್ಕದ ನಮ್ಮ ಯೂನಿಟ್‌ಗೆ ಬನ್ನಿ. ಮಳೆಗಾಲ, ಹೊರಗಿನ ಬೆಳಕು ನಂಬುವ ಹಾಗಿಲ್ಲ, ಲೈಟ್ ಮತ್ತು ಸಾಫ್ಟ್‌ಬಾಕ್ಸ್ ತನ್ನಿ.

ಐಟಂ ಮೂರು: 10 ಇಂಚಿನ ದುಂಡು ತಟ್ಟೆ, 8 ಇಂಚಿನ ಚೌಕ ತಟ್ಟೆ, 4 ಇಂಚಿನ ಬೌಲ್. ಪ್ರತಿಯೊಂದಕ್ಕೂ ನೇರ ಮೇಲಿನಿಂದ, 45 ಡಿಗ್ರಿಯಲ್ಲಿ, ಪಕ್ಕದಿಂದ ಒಂದೊಂದು ಫೋಟೋ, ಅಪ್ಪಟ ಬಿಳಿ ಹಿನ್ನೆಲೆಯಲ್ಲಿ. ಅಂಚಿನ ದಪ್ಪ ಕಾಣುವ ಕ್ಲೋಸಪ್ ಮಾತ್ರ ಬಿಡಲೇಬೇಡಿ, ಯಾಕಂದ್ರೆ ಕೊಳ್ಳುವವರು ಮೊದಲು ಕೇಳುವುದೇ ಬಿಸಿ ಸಾರು ಹಾಕಿದರೆ ತಡೆಯುತ್ತದಾ ಅಂತ. ಹಾಳೆಯ ಗೆರೆ, ಕಂದು ಕಲೆ ಎಡಿಟ್‌ನಲ್ಲಿ ಅಳಿಸಬೇಡಿ. ಅದು ಹಾಳೆಯದ್ದೇ ಬಣ್ಣ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಚಂದ ಇರುವುದೇ ಅದರಲ್ಲಿ ಅಲ್ವಾ?

ಊಟ ಬಡಿಸಿದ ಫೋಟೋ ಎರಡು ಸಾಕು, ಹಳೆ ಹಲಸಿನ ಮರದ ಮೇಜಿನ ಮೇಲೆ. ಕುಚ್ಚಲಕ್ಕಿ ಅನ್ನ, ಸಾಂಬಾರು, ಪಲ್ಯ, ಹಪ್ಪಳ ನಾವೇ ಮಾಡಿಸುತ್ತೇವೆ. ಪಕ್ಕದಲ್ಲಿ ಹಿತ್ತಾಳೆ ಚೊಂಬು, ಹಸಿ ಅಡಿಕೆ ಗೊನೆ. ಪ್ಲಾಸ್ಟಿಕ್ ಹೂವು, ಸ್ಟೀಲ್ ಚಮಚ ಬೇಡ.

ಫೈಲ್ ಜೆಪೆಗ್, ಎಸ್‌ಆರ್‌ಜಿಬಿ, 2000 × 2000 ಪಿಕ್ಸೆಲ್, ತಟ್ಟೆ ಫ್ರೇಮಿನ 85% ತುಂಬಿರಲಿ. ಊಟದ್ದು ಎ4 ಪ್ರಿಂಟಿಗೂ ಬೇಕು, ಹಾಗಾಗಿ ಅದು ಮಾತ್ರ 300 ಡಿಪಿಐ, ಅಂದ್ರೆ ಕನಿಷ್ಠ 2480 × 3508 ಪಿಕ್ಸೆಲ್. ರಾ ಫೈಲೂ ಕೊಡಿ. ಹೆಸರು `plate10_top_01.jpg` ಥರ ಇಟ್ಟು ಬುಧವಾರದೊಳಗೆ ಡ್ರೈವ್‌ಗೆ ಹಾಕಿ.