ದ್ವಿತೀಯ ಪಿಯುಸಿ ರಸಾಯನಶಾಸ್ತ್ರ: ಕಾಲೇಜು ಪೂರ್ವಸಿದ್ಧತಾ ಪ್ರಾಯೋಗಿಕ ಪರೀಕ್ಷೆ, ಉಡುಪಿ – ಪರೀಕ್ಷಕರ ಪ್ರತಿ

ಪ್ರಯೋಗ: ಆಕ್ಸಾಲಿಕ್ ಆಮ್ಲದಿಂದ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದ ಸಾರತೆ ಕಂಡುಹಿಡಿಯುವುದು
ಅವಧಿ: ಒಂದೂವರೆ ಗಂಟೆ. ಅಂಕ: 20. ತಂಡಕ್ಕೆ 20 ವಿದ್ಯಾರ್ಥಿಗಳು.

ವಿದ್ಯಾರ್ಥಿಗೆ ಕೊಡುವ ಪ್ರಶ್ನೆ

ಆಕ್ಸಾಲಿಕ್ ಆಮ್ಲದ ಹರಳನ್ನು (H₂C₂O₄·2H₂O, ಮೋಲಾರ್ ದ್ರವ್ಯರಾಶಿ 126) ತೂಗಿ 250 ಮಿ.ಲೀ. 0.05 M ದ್ರಾವಣ ತಯಾರಿಸಿ. ಅದನ್ನು ಬಳಸಿ, ಕೊಟ್ಟಿರುವ KMnO₄ ದ್ರಾವಣದ ಮೋಲಾರಿಟಿಯನ್ನೂ ಲೀಟರಿಗೆ ಎಷ್ಟು ಗ್ರಾಂ ಎಂಬುದನ್ನೂ ಕಂಡುಹಿಡಿಯಿರಿ. ಓದುಗಳನ್ನು ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಅದಕ್ಕೆ ಅಂಕ ಕಳೆಯುವುದಿಲ್ಲ. ಮೌಖಿಕ ಪ್ರಶ್ನೆಗಳು ನಿಮ್ಮದೇ ಕೋಷ್ಟಕದ ಮೇಲೆ ಇರುತ್ತವೆ.

ಹಿಂದಿನ ದಿನದ ತಯಾರಿ

ಎಲ್ಲರಿಗೂ ಒಂದೇ ಬಾಟಲಿಯ ಪರ್ಮಾಂಗನೇಟ್ ಹೋಗಬೇಕು, ಇಲ್ಲದಿದ್ದರೆ ನಿಖರತೆಯ ಅಂಕಕ್ಕೆ ಅರ್ಥವಿಲ್ಲ. ತಲಾ 100 ಮಿ.ಲೀ. ಲೆಕ್ಕದಲ್ಲಿ, ಚೆಲ್ಲುವುದೂ ಸೇರಿ ಎರಡೂವರೆ ಲೀಟರ್ ಬೇಕು. ಲೀಟರಿಗೆ ಸುಮಾರು 3.1 ಗ್ರಾಂ ಹಾಕಿ, ಕುದಿಸಿ, ಆರಿಸಿ, ಗಾಜಿನ ಉಣ್ಣೆಯಲ್ಲಿ ಸೋಸಿ ಕಂದು ಬಾಟಲಿಗೆ ತುಂಬಿ. ಸೋಸುಕಾಗದ ಬೇಡ, ಪರ್ಮಾಂಗನೇಟ್ ಕಾಗದದೊಂದಿಗೇ ವರ್ತಿಸುತ್ತದೆ. ನೀರು ಡಿಸ್ಟಿಲ್ಡ್ ಆಗಿರಲೇಬೇಕು. ನಮ್ಮ ಕರಾವಳಿಯ ಬಾವಿ ನೀರಿನಲ್ಲಿ ಕ್ಲೋರೈಡ್, ಕಬ್ಬಿಣ, ಸಾವಯವ ಅಂಶ ಯಾವುದೂ ಇರಬಹುದು.

ಪರೀಕ್ಷೆಯ ದಿನ ಬೆಳಿಗ್ಗೆ, ಸರಿಯಾಗಿ 1.575 ಗ್ರಾಂ ತೂಗಿದ ಆಮ್ಲದಿಂದ ಇಬ್ಬರು ಅಧ್ಯಾಪಕರು ಬೇರೆ ಬೇರೆಯಾಗಿ ಟೈಟ್ರೇಷನ್ ಮಾಡಿ ಆಧಾರ ಓದು ನಿಗದಿಪಡಿಸಬೇಕು. ಈ ತಂಡಕ್ಕೆ ಅದು 10.4 ಮಿ.ಲೀ.

ವಿಧಾನ (ಗಮನಿಸಬೇಕಾದ್ದು)

ತೂಗುವಾಗ ಫ್ಯಾನ್ ಆರಿಸಿರಲಿ. ತೂಕ 1.575 ಗ್ರಾಂಗೇ ನಿಲ್ಲಬೇಕೆಂದಿಲ್ಲ, ಆದರೆ ನಿಜವಾಗಿ ಬಂದ ತೂಕವನ್ನೇ ಬರೆಯಬೇಕು. ಹರಳು ಪೂರ್ತಿ ಕರಗಿದ ಮೇಲೆ ಮಾತ್ರ ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಹತ್ತಾರು ಸಲ ತಲೆಕೆಳಗೆ ಮಾಡಿ ಬೆರೆಸಬೇಕು. ಬೆರೆಸದಿದ್ದವರ ಓದುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಂಥವರು ಬಹಳ ಜನ.

ಬ್ಯೂರೆಟನ್ನು ಪರ್ಮಾಂಗನೇಟಿನಿಂದ, ಪಿಪೆಟನ್ನು ಆಕ್ಸಾಲಿಕ್ ಆಮ್ಲದಿಂದ, ಕೋನಿಕಲ್ ಫ್ಲಾಸ್ಕನ್ನು ಬರೀ ನೀರಿನಿಂದ ತೊಳೆಯಬೇಕು. ಬ್ಯೂರೆಟಿನ ಕಾಕ್ ಗಾಜಿನದ್ದೇ ಆಗಿರಲಿ, ರಬ್ಬರ್ ಕೊಳವೆಯದ್ದು ಬೇಡ. ಫನೆಲ್ ತೆಗೆದಿಟ್ಟೇ ಓದು ಬರೆಯಬೇಕು. ದ್ರಾವಣ ಗಾಢ ಬಣ್ಣದ್ದಾದ್ದರಿಂದ ಮೇಲಿನ ಅಂಚನ್ನು ಓದಬೇಕು, ಕೊನೆಯವರೆಗೂ ಅದನ್ನೇ.

10 ಮಿ.ಲೀ. ಆಕ್ಸಾಲಿಕ್ ಆಮ್ಲಕ್ಕೆ 10 ಮಿ.ಲೀ. ಸುಮಾರು 1 M ಸಲ್ಫ್ಯೂರಿಕ್ ಆಮ್ಲ ಸೇರಿಸಿ 60–70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಬೇಕು. ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. Mn²⁺ ಹುಟ್ಟಿದ ಮೇಲೆ ಅದೇ ವೇಗವರ್ಧಕವಾಗಿ ಬಣ್ಣ ಸರಸರನೆ ಮಾಯವಾಗುತ್ತದೆ. ಇಡೀ ದ್ರಾವಣಕ್ಕೆ ತಿಳಿ ಗುಲಾಬಿ ಬಣ್ಣ ಬಂದು 30 ಸೆಕೆಂಡ್ ನಿಂತರೆ ಅದೇ ಅಂತಿಮ ಬಿಂದು. ಕಂದು ಗಸಿ ಕಂಡರೆ ಆಮ್ಲ ಸಾಲದು, ಇಲ್ಲವೇ ಅವಸರದಲ್ಲಿ ಸುರಿದಿದ್ದಾರೆ. ಆ ಓದನ್ನು ಬಿಟ್ಟು ಹೊಸದಾಗಿ ಮಾಡಲು ಹೇಳಿ.

ಮಾದರಿ ವೀಕ್ಷಣಾ ಕೋಷ್ಟಕ

ತೂಗಿದ ಆಮ್ಲ: 1.575 ಗ್ರಾಂ. ಬ್ಯೂರೆಟ್: KMnO₄. ಫ್ಲಾಸ್ಕ್: 10 ಮಿ.ಲೀ. ಆಕ್ಸಾಲಿಕ್ ಆಮ್ಲ + 10 ಮಿ.ಲೀ. ಸಾರರಿಕ್ತ H₂SO₄. ಸೂಚಕ: KMnO₄ ತಾನೇ. ಬಣ್ಣ ಬದಲಾವಣೆ: ನಿರ್ವರ್ಣದಿಂದ ತಿಳಿ ಗುಲಾಬಿ.

| ಬ್ಯೂರೆಟ್ ಓದು (ಮಿ.ಲೀ.) | ಪೈಲಟ್ | 1 | 2 | 3 |
|---|---|---|---|---|
| ಅಂತಿಮ | 11.0 | 21.4 | 31.9 | 42.3 |
| ಆರಂಭಿಕ | 0.0 | 11.0 | 21.4 | 31.9 |
| ಬಳಸಿದ ಗಾತ್ರ | 11.0 | 10.4 | 10.5 | 10.4 |

ತಾಳೆಯಾದ ಓದು: 10.4 ಮಿ.ಲೀ. ಸರಾಸರಿ ತೆಗೆಯಬಾರದು.

ಲೆಕ್ಕ:
2KMnO₄ + 3H₂SO₄ + 5H₂C₂O₄ → K₂SO₄ + 2MnSO₄ + 8H₂O + 10CO₂
ಆಮ್ಲದ ಮೋಲಾರಿಟಿ = 1.575 × 4 ÷ 126 = 0.05 M
KMnO₄ ಮೋಲಾರಿಟಿ = (2 × 0.05 × 10) ÷ (5 × 10.4) = 0.01923 M
ಲೀಟರಿಗೆ = 0.01923 × 158 = 3.04 ಗ್ರಾಂ

ಅಂಕ ಹಂಚಿಕೆ

ದ್ರಾವಣ ತಯಾರಿ 3, ಕೋಷ್ಟಕ 3, ನಿಖರತೆ 4, ಲೆಕ್ಕ 4, ಮೌಖಿಕ 6.

ನಿಖರತೆ ನೋಡುವ ಮೊದಲು ಆ ವಿದ್ಯಾರ್ಥಿಯ ನಿರೀಕ್ಷಿತ ಓದನ್ನು ತೆಗೆಯಬೇಕು: 10.4 × ಅವರ ತೂಕ ÷ 1.575. 1.61 ಗ್ರಾಂ ತೂಗಿದವರಿಗೆ ಅದು 10.6. ಅವರ 10.6 ಅನ್ನು 10.4ಕ್ಕೆ ಹೋಲಿಸಿ ಅಂಕ ಕಳೆದರೆ ಪ್ರಾಮಾಣಿಕವಾಗಿ ತೂಕ ಬರೆದವರಿಗೇ ಶಿಕ್ಷೆ. ವ್ಯತ್ಯಾಸ 0.2 ಮಿ.ಲೀ.ವರೆಗೆ 4 ಅಂಕ, 0.4ರವರೆಗೆ 3, 0.6ರವರೆಗೆ 2, ಅದಕ್ಕಿಂತ ಹೆಚ್ಚಾದರೆ 1. ಲೆಕ್ಕದ ಅಂಕ ಅವರದೇ ಓದಿನ ಮೇಲೆ. ಓದು ತಪ್ಪಾಗಿದ್ದರೂ ಕ್ರಮ ಸರಿಯಿದ್ದರೆ ಪೂರ್ತಿ 4.

ಕೋಷ್ಟಕಕ್ಕೆ ಜೋಡಿಸಿದ ಮೌಖಿಕ (2 + 2 + 2)

ವಿದ್ಯಾರ್ಥಿ ಬ್ಯೂರೆಟಿನ ಪಕ್ಕದಲ್ಲೇ ನಿಂತಿರುವಾಗ ಕೇಳಿ, ಕೋಷ್ಟಕ ಇಬ್ಬರ ನಡುವೆ ಇರಲಿ. ಕನ್ನಡ, ಇಂಗ್ಲಿಷ್, ತುಳು ಯಾವುದರಲ್ಲಿ ಉತ್ತರಿಸಿದರೂ ಸರಿ.

ಮೊದಲ ಪ್ರಶ್ನೆ ಅವರದೇ ಅಂಕಿಯ ಮೇಲೆ. “ನಿಮ್ಮ ಪೈಲಟ್ ಓದು 11.0, ಉಳಿದದ್ದು 10.4. ಆ 0.6 ಎಲ್ಲಿಂದ ಬಂತು?” ಅಂತಿಮ ಬಿಂದು ಎಲ್ಲಿ ಎಂದು ಗೊತ್ತಿಲ್ಲದೆ ಒಂದೊಂದೇ ಮಿ.ಲೀ. ಬಿಟ್ಟದ್ದರಿಂದ ದಾಟಿಹೋಯಿತು ಎಂದರೆ 2. “10.5 ಅನ್ನು ಯಾಕೆ ಬಿಟ್ಟಿರಿ?” ಎಂದೂ ಕೇಳಬಹುದು.

ಎರಡನೆಯದು ತಪ್ಪಿನ ಮೇಲೆ. ಓದು ಹೆಚ್ಚುತ್ತದೋ ಇಳಿಯುತ್ತದೋ ಎಂಬುದಕ್ಕೆ 1, ಕಾರಣಕ್ಕೆ 1.
– ಫ್ಲಾಸ್ಕನ್ನು ಆಕ್ಸಾಲಿಕ್ ಆಮ್ಲದಲ್ಲಿ ತೊಳೆದರೆ? ಹೆಚ್ಚುತ್ತದೆ, 10 ಮಿ.ಲೀ.ಗಿಂತ ಹೆಚ್ಚು ಆಮ್ಲ ಉಳಿದಿರುತ್ತದೆ.
– ಕುದಿಯುವಷ್ಟು ಬಿಸಿ ಮಾಡಿದರೆ? ಇಳಿಯುತ್ತದೆ, ಆಮ್ಲದ ಸ್ವಲ್ಪ ಭಾಗ ವಿಭಜನೆಯಾಗುತ್ತದೆ.
– ಬ್ಯೂರೆಟನ್ನು ನೀರಿನಿಂದ ಮಾತ್ರ ತೊಳೆದರೆ? ಹೆಚ್ಚುತ್ತದೆ, KMnO₄ ತೆಳುವಾಗಿದೆ, ಮೋಲಾರಿಟಿ ಕಡಿಮೆ ಬರುತ್ತದೆ.
– ತುದಿಯಲ್ಲಿದ್ದ ಗಾಳಿಗುಳ್ಳೆ ನಡುವೆ ಹೊರಟುಹೋದರೆ? ಹೆಚ್ಚುತ್ತದೆ, ಗುಳ್ಳೆಯ ಜಾಗ ತುಂಬಿದ ದ್ರಾವಣವೂ ಲೆಕ್ಕಕ್ಕೆ ಸೇರಿತು.

ಮೂರನೆಯದು ರಸಾಯನ. “ಹೈಡ್ರೋಕ್ಲೋರಿಕ್ ಆಮ್ಲ ಯಾಕೆ ಬೇಡ?” ಪರ್ಮಾಂಗನೇಟ್ ಅದನ್ನು ಕ್ಲೋರಿನ್ ಆಗಿ ಉತ್ಕರ್ಷಿಸುತ್ತದೆ. “ನೈಟ್ರಿಕ್?” ಅದೇ ಒಂದು ಉತ್ಕರ್ಷಣಕಾರಿ. “ಪತ್ರೊಡೆಗೆ ತರುವ ಕೆಸುವಿನ ಎಲೆಯಲ್ಲಿ ತುರಿಕೆ ತರುವ ಹರಳು ಕ್ಯಾಲ್ಸಿಯಂ ಆಕ್ಸಲೇಟ್. ಅದನ್ನು ಬೇರ್ಪಡಿಸಿ ಕೊಟ್ಟರೆ ಇದೇ ಬ್ಯೂರೆಟಿನಿಂದ ಅಳೆಯಬಹುದೇ?” ಬಿಸಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿದರೆ ಆಕ್ಸಾಲಿಕ್ ಆಮ್ಲ ಬಿಡುಗಡೆಯಾಗುತ್ತದೆ, ಆಮೇಲೆ ಇದೇ ಟೈಟ್ರೇಷನ್ ಎಂದವರಿಗೆ ಪೂರ್ತಿ 2.

ಜೋಡಣೆಯ ನಿಯಮ

ನಿಖರತೆಯಲ್ಲಿ ಅಂಕ ಕಳೆದುಕೊಂಡವರು ತಮ್ಮ ಓದು ಯಾಕೆ ಹೆಚ್ಚಾಯಿತು ಅಥವಾ ಕಡಿಮೆಯಾಯಿತು ಎಂದು ಮೌಖಿಕದಲ್ಲಿ ಸರಿಯಾಗಿ ಗುರುತಿಸಿದರೆ ನಿಖರತೆಗೆ 1 ಅಂಕ ಮರಳಿ ಸೇರಿಸಿ. ಒಟ್ಟು 4 ಮೀರಬಾರದು.

ಪೈಲಟ್ ಸೇರಿ ನಾಲ್ಕೂ ಓದು ಒಂದೇ ಆಗಿದ್ದರೆ, ಅಥವಾ ಬ್ಯೂರೆಟಿನಲ್ಲಿ ಉಳಿದ ದ್ರಾವಣದ ಮಟ್ಟ ಕೊನೆಯ ಅಂತಿಮ ಓದಿಗೆ ಹೊಂದದಿದ್ದರೆ, ಗದರಿಸಬೇಡಿ. ನಿಮ್ಮ ಎದುರಲ್ಲೇ ಇನ್ನೊಂದು ಟೈಟ್ರೇಷನ್ ಮಾಡಿಸಿ. ನಿಖರತೆಯ ಅಂಕಕ್ಕೆ ಆ ಓದು ಮಾತ್ರ. ಅದಕ್ಕೆ 10 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು.