ಮೊದಲು ನಾವಿಬ್ಬರು ಮಾತಾಡೋಣ

ಪ್ರಸನ್ನ,

ಇದನ್ನ ರೈಲಲ್ಲಿ ಕೂತು ಓದು, ಮನೇಲಿ ಬೇಡ. ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದ ಮೇಲೆ ಬೆಂಗಳೂರು ಬರೋವರೆಗೂ ನಿನಗೆ ಸ್ವಲ್ಪ ಬಿಡುವು ಸಿಗುತ್ತೆ. ಮನೇಲಿ ನಾವು ಈ ಮಾತು ಶುರು ಮಾಡಿದಾಗಲೆಲ್ಲ ಪಾಪು ಎದ್ದಿದ್ದಾಳೆ, ಇಲ್ಲಾ ಕೆಳಗಿಂದ ಯಾರಾದ್ರೂ ಕೂಗಿದ್ದಾರೆ, ಇಲ್ಲಾ ನೀನು ದಣಿದಿರ್ತೀಯ. ಅರ್ಧ ಮಾತು ಜಗಳದ ಥರ ಕೇಳಿಸುತ್ತೆ. ಅದಕ್ಕೇ ಪೂರ್ತಿ ಬರೆದುಬಿಡ್ತೀನಿ.

ಮೊದಲೇ ಹೇಳ್ತೀನಿ, ಇದು ಅತ್ತೆ ಮಾವನ ಮೇಲಿನ ದೂರಲ್ಲ. ಬೇರೆ ಮನೆ ಮಾಡೋಣ ಅಂತಾನೂ ಅಲ್ಲ. ಕೆಳಗೆ ಅವರು, ಮೇಲೆ ನಾವು, ಈ ವ್ಯವಸ್ಥೆ ನನಗೆ ಇಷ್ಟಾನೇ. ಪಾಪು ಅಜ್ಜಿ ತಾತನ ಕೈಯಲ್ಲಿ ಬೆಳೀತಿರೋದು ಅವಳ ಪುಣ್ಯ.

ಅವಳು ಹುಟ್ಟಿದಾಗ ನನ್ನಮ್ಮನಿಗೆ ಆಪರೇಷನ್ ಆಗಿತ್ತು, ಬಾಣಂತನಕ್ಕೆ ತವರಿಗೆ ಹೋಗೋ ಹಾಗಿರಲಿಲ್ಲ. ಅತ್ತೆ ಒಂದು ಮಾತೂ ಆಡದೆ ಎಲ್ಲಾ ತಲೆ ಮೇಲೆ ಹಾಕ್ಕೊಂಡ್ರು. ಬೆಳಗ್ಗೆ ಹರಳೆಣ್ಣೆ ಹಚ್ಚಿ ಬಿಸಿನೀರು ಹಾಕೋದು, ಸಾಂಬ್ರಾಣಿ ಹೊಗೆ ಕೊಡೋದು, ಊಟಕ್ಕೆ ಬೆಳ್ಳುಳ್ಳಿ ಸುಟ್ಟು ಹಾಕಿದ ಮೆಣಸಿನ ಸಾರು, ಸಾಯಂಕಾಲ ಅಂಟಿನುಂಡೆ. ಹೊಲಿಗೆ ನೋವಲ್ಲಿ ನಾನು ಏಳಕ್ಕಾಗದೆ ಅತ್ತಾಗ ಕಾಲು ಒತ್ತುತ್ತಾ ಕೂತಿದ್ದವರು ಅವರು. ಮಾವ ರಾತ್ರಿ ಟೆರೇಸಲ್ಲಿ ಮಗೂನ ಹೆಗಲಿಗೆ ಹಾಕ್ಕೊಂಡು ಓಡಾಡ್ತಿದ್ರು. ಅದನ್ನೆಲ್ಲ ನಾನು ಮರೆಯೋಳಲ್ಲ. ಅವರ ಪ್ರೀತಿ ಬಗ್ಗೆ ನನಗೆ ಅನುಮಾನಾನೇ ಇಲ್ಲ. ಹಾಗಿದ್ರೂ ನಮ್ಮಿಬ್ಬರ ನಡುವೆ ಏನೋ ಸಡಿಲ ಆಗ್ತಿದೆ. ಯಾಕೆ ಅಂತ ತುಂಬಾ ಯೋಚಿಸಿದೆ. ನನಗೆ ಕಾಣೋದು ಇಷ್ಟು: ನಮ್ಮ ಮನೆ ವಿಷಯಗಳು ಮೊದಲು ನಮ್ಮಿಬ್ಬರ ಮಧ್ಯೆ ಮಾತಾಗ್ತಿಲ್ಲ. ಕೆಳಗೆ ಮಾತಾಗಿ, ತೀರ್ಮಾನ ಆಗಿ, ಆಮೇಲೆ ಮೇಲಕ್ಕೆ ಬರುತ್ತೆ. ಅಷ್ಟು ಹೊತ್ತಿಗೆ ನನಗೆ ಉಳಿಯೋದು ಹೂಂ ಅನ್ನೋದು ಅಥವಾ ಬೇಡ ಅಂದು ಕೆಟ್ಟವಳಾಗೋದು.

ಪಾಪು ಸ್ಕೂಲ್ ವಿಷಯಾನೇ ತಗೋ. ಮಾವ ತಮ್ಮ ಹಳೇ ಸ್ನೇಹಿತರ ಜೊತೆ ಹೋಗಿ ಎಲ್‌ಕೆಜಿ ಸೀಟಿಗೆ ಹತ್ತು ಸಾವಿರ ಅಡ್ವಾನ್ಸ್ ಕಟ್ಟಿ ಬಂದ್ರು. ರಸೀದಿ ಫ್ರಿಜ್ ಮೇಲಿತ್ತು, ನನಗೆ ಗೊತ್ತಾಗಿದ್ದೇ ಅದರಿಂದ. ಮೊಮ್ಮಗಳಿಗೆ ಒಳ್ಳೇ ಸ್ಕೂಲಲ್ಲಿ ಸೀಟು ತಪ್ಪಬಾರದು ಅನ್ನೋ ಆತುರ ಅವರದ್ದು, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಆದ್ರೆ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ಸರ್ಕಾರದ ನಿಯಮ ಇದೆ. ಇವಳು ಸೆಪ್ಟೆಂಬರಲ್ಲಿ ಹುಟ್ಟಿದೋಳು. ಈ ಜೂನ್‌ಗೆ ಎಲ್‌ಕೆಜಿಗೆ ಹಾಕಿದ್ರೆ ಒಂದನೇ ಕ್ಲಾಸಿನ ಹೊತ್ತಿಗೆ 5 ವರ್ಷ 8 ತಿಂಗಳು. 2025ರಲ್ಲಿ ಆ ವರ್ಷಕ್ಕೆ ಮಾತ್ರ ಅಂತ 5 ವರ್ಷ 5 ತಿಂಗಳಿಗೆ ಇಳಿಸಿದ್ರು ನಿಜ, ಅದನ್ನೇ ನಂಬಿಕೊಂಡು ಕೂರೋಕಾಗುತ್ತಾ? ಯುಕೆಜೀಲೇ ಇನ್ನೊಂದು ವರ್ಷ ಕೂರಿಸಿದ್ರೆ ಮಗು ಮನಸ್ಸಿಗೆ ಏನನ್ಸುತ್ತೆ? ಇದನ್ನ ನಾನು ಲೆಕ್ಕ ಹಾಕಿ ಇಟ್ಟಿದ್ದೆ. ನೀನು ಕೇಳಿದ್ರೆ ಹೇಳ್ತಿದ್ದೆ. ನಿನಗೆ ಅಡ್ವಾನ್ಸ್ ವಿಷಯ ಹಿಂದಿನ ದಿನಾನೇ ಗೊತ್ತಿತ್ತು. ನನಗೆ ಚುಚ್ಚಿದ್ದು ಅದು. ಮಾವ ದುಡ್ಡು ಕಟ್ಟಿದ್ದಕ್ಕಿಂತ ಹೆಚ್ಚಾಗಿ ಅದು.

ಆಮೇಲೆ ನೀನು ಕೆಳಗೆ ಹೋಗಿ ಏನಂದೆ ನೆನಪಿದೆಯಾ? "ಸುಮಾಗೆ ಇಷ್ಟ ಇಲ್ಲ ಅಪ್ಪ." ಇಷ್ಟೇ. ಅವತ್ತು ಮಾವ ಸಪ್ಪಗಾಗಿದ್ದನ್ನ ನೋಡಿ ನನಗೇ ಸಂಕಟ ಆಯ್ತು. ಅದೇ ನೀನು, "ಅಪ್ಪ, ನಾವಿಬ್ಬರೂ ಯೋಚನೆ ಮಾಡಿದ್ವಿ, ವಯಸ್ಸು ಹೊಂದಲ್ಲ, ಮುಂದಿನ ವರ್ಷ ಹಾಕೋಣ" ಅಂದಿದ್ರೆ ಅವರು ಲೆಕ್ಕ ಕೇಳ್ತಿದ್ರು, ಒಪ್ಪಿಕೊಳ್ತಿದ್ರು. ಮಗನ ಮಾತನ್ನ ಅವರು ತಳ್ಳಿಹಾಕೋರಲ್ಲ. ಸೊಸೆಗೆ ಇಷ್ಟ ಇಲ್ಲ ಅನ್ನೋ ಮಾತು ಯಾವ ಮನೇಲಾದ್ರೂ ಬೇರೆ ಥರಾನೇ ಕೇಳಿಸುತ್ತೆ, ಪ್ರಸನ್ನ. ಯಾರ ಮೇಲೂ ತಪ್ಪು ಹೊರಿಸೋ ಉದ್ದೇಶ ನಿನಗಿರಲಿಲ್ಲ, ನನಗೆ ಗೊತ್ತು. ಅಪ್ಪನಿಗೆ ಎದುರಾಡಬಾರದು ಅಂತ ಮೃದುವಾಗಿ ಹೇಳಿದೆ. ಆದ್ರೆ ಆ ಮೃದುತನದ ಭಾರ ನನ್ನ ಮೇಲೆ ಬಿತ್ತು.

ಇನ್ನೊಂದು ವಿಷಯ ಇದಕ್ಕಿಂತ ಕಷ್ಟದ್ದು. ಬರೆಯೋಕೆ ಕೈ ಬರ್ತಿಲ್ಲ, ಆದ್ರೂ ಬರೀತೀನಿ.

ಶ್ರಾವಣದಲ್ಲಿ ಆ ಮಗು ನಿಲ್ಲಲಿಲ್ಲವಲ್ಲ, ಅದು ಡಾಕ್ಟರಿಗೆ, ನಿನಗೆ, ನನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ನನ್ನಮ್ಮನಿಗೂ ಹೇಳಿರಲಿಲ್ಲ. ಚನ್ನರಾಯಪಟ್ಟಣದ ಗೃಹಪ್ರವೇಶದಲ್ಲಿ ನಿನ್ನ ದೊಡ್ಡಮ್ಮ ಅರಿಶಿನ ಕುಂಕುಮ ಕೊಟ್ಟು ನನ್ನ ಕೈ ಹಿಡ್ಕೊಂಡು, "ಯೋಚನೆ ಮಾಡಬೇಡ ಕಣಮ್ಮ, ಎಂಟು ವಾರದ್ದು ಹೋಗೋದು ಸಾಮಾನ್ಯ, ಇನ್ನೊಂದು ಆಗುತ್ತೆ" ಅಂದ್ರು. ಸುತ್ತ ಐದಾರು ಜನ ಹೆಂಗಸರು. ಎಲ್ಲರೂ ನನ್ನ ಹೊಟ್ಟೆ ಕಡೆ ನೋಡಿದ ಹಾಗಾಯ್ತು. ಎಲೆಯಡಿಕೆ ಕೈಯಲ್ಲಿ ಹಿಡ್ಕೊಂಡು ನಗ್ತಾ ನಿಂತಿದ್ದೆ. ವಾಪಸ್ ಬರ್ತಾ ಕಾರಲ್ಲಿ ನಾನು ಮಾತಾಡಲಿಲ್ಲ ಅಂತ ನೀನು ಬೇಜಾರು ಮಾಡ್ಕೊಂಡೆ. ಕಾರಣ ಇದು.

ನೀನು ಅತ್ತೆಗೆ ಹೇಳಿದ್ದಕ್ಕೆ ನನಗೆ ಕೋಪ ಇಲ್ಲ. ನಿನಗೂ ಆ ದುಃಖ ಇತ್ತು, ಅಮ್ಮನ ಹತ್ರ ಹೇಳಿಕೊಂಡೆ. ಅತ್ತೆಗೂ ತಡೆಯೋಕಾಗದೆ ಅಕ್ಕನ ಹತ್ರ ಹೇಳಿಕೊಂಡ್ರು. ಅತ್ತೆ ಯಾರಿಗೂ ಹೇಳದೆ ನಂಜನಗೂಡಿಗೆ ಹೋಗಿ ಹರಕೆ ಹೊತ್ತು ಬಂದಿದ್ದು ನನಗೆ ಆಮೇಲೆ ಗೊತ್ತಾಯ್ತು. ನನ್ನ ಒಳ್ಳೇದಕ್ಕೇ ತಾನೇ. ಇದರಲ್ಲಿ ತಪ್ಪಿತಸ್ಥರು ಅಂತ ಯಾರನ್ನ ತೋರಿಸಲಿ? ಆದ್ರೆ ನನ್ನ ಮೈಗೆ ಸಂಬಂಧಪಟ್ಟಿದ್ದು, ನಮ್ಮ ರೂಮಿನ ಬಾಗಿಲ ಒಳಗಿನದ್ದು, ನನ್ನನ್ನ ಕೇಳದೆ ಆ ಬಾಗಿಲು ದಾಟಬಾರದು. ಅವತ್ತಿಂದ ನಿನ್ನ ಹತ್ರ ಏನಾದ್ರೂ ಹೇಳೋ ಮುಂಚೆ ತಡೀತೀನಿ, ಇದು ಎಲ್ಲಿಗೆ ಹೋಗುತ್ತೋ ಅಂತ. ಮೊದಲು ಆಫೀಸಿಂದ ಬಂದ ತಕ್ಷಣ ನಿನ್ನ ಹತ್ರ ಎಲ್ಲಾ ಒದರ್ತಿದ್ದೆ. ಈಗ ಮಾಡ್ತಿಲ್ಲ ಅನ್ನೋದು ನೀನೂ ಗಮನಿಸಿದೀಯ, "ಯಾಕೆ ಮೌನ ಆಗಿದೀಯ" ಅಂತ ಕೇಳಿದೆಯಲ್ಲ. ನನಗೆ ಭಯ ಆಗೋದು ಈ ಮೌನದ್ದೇ. ಜಗಳ ಆಡಿದ್ರೆ ರಾಜಿ ಆಗಬಹುದು, ಹೇಳೋದೇ ನಿಂತುಹೋದ್ರೆ?

ಬೀರು ವಿಷಯ ಸಣ್ಣದು, ಹೇಳಿ ಮುಗಿಸ್ತೀನಿ. ನಾವಿಲ್ಲದಾಗ ಅತ್ತೆ ಬಂದು ನನ್ನ ಬಟ್ಟೆಯೆಲ್ಲ ಮಡಚಿ, ನುಸಿಗುಳಿಗೆ ಹಾಕಿ, ಒಳಬಟ್ಟೆನೂ ಬೇರೆ ಅರೆಗೆ ಜೋಡಿಸಿಟ್ಟಿದ್ರು. ಕೆಲಸ ಹಗುರ ಮಾಡೋಣ ಅಂತ. ನನಗೆ ಮಾತ್ರ ಒಂಥರಾ ಆಗುತ್ತೆ. ಇದನ್ನ ನಾನು ಹೇಳಿದ್ರೆ ಅವರಿಗೆ ನೋವಾಗುತ್ತೆ. ನೀನು, "ಅಮ್ಮ, ರೂಮಿನ ಕೆಲಸ ನಾನೇ ಮಾಡ್ಕೋತೀನಿ, ನಿನಗೆ ಮಂಡಿನೋವು, ಮೆಟ್ಟಿಲು ಹತ್ತಬೇಡ" ಅಂದ್ರೆ ಆಯ್ತು. ನಿಜವಾಗ್ಲೂ ಮಾಡೂ ಮಾಡು ಆಮೇಲೆ.

ನಾನು ಕೇಳ್ಕೊಳ್ಳೋದು ಹೆಚ್ಚೇನಿಲ್ಲ. ಮಗು, ದುಡ್ಡು, ನನ್ನ ಕೆಲಸ, ನಮ್ಮ ಆರೋಗ್ಯ, ಈ ವಿಷಯಗಳು ಬಂದಾಗ ಮೊದಲು ನಾವಿಬ್ಬರು ಕೂತು ಮಾತಾಡೋಣ. ಕೆಳಗೆ ಯಾರಾದ್ರೂ ಏನಾದ್ರೂ ಕೇಳಿದ್ರೆ, "ಮಾತಾಡಿ ಹೇಳ್ತೀವಿ ಅಮ್ಮ" ಅಂದುಬಿಡು, ಅಷ್ಟು ಸಾಕು. ಅವರ ಸಲಹೆ ಬೇಡ ಅಂತಲ್ಲ, ಬೇಕು. ಮಾವನಿಗೆ ಬ್ಯಾಂಕು, ಆಸ್ತಿ ಪತ್ರ ಇವೆಲ್ಲ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು, ಕೇಳೇ ಕೇಳೋಣ. ತೀರ್ಮಾನ ಆದ ಮೇಲೆ ಅದನ್ನ ನಿಮ್ಮ ಮನೆಯವರಿಗೆ ನೀನು ಹೇಳು, ನಮ್ಮ ಮನೆಯವರಿಗೆ ನಾನು ಹೇಳ್ತೀನಿ. ಹೇಳುವಾಗ "ನಾವು" ಅಂತ ಹೇಳೋಣ. ನನ್ನಮ್ಮ ಫೋನಲ್ಲಿ ನಿನ್ನ ಸಂಬಳ, ಲೋನ್ ಅಂತ ವಿಚಾರಿಸಿದ್ರೂ ಇದೇ ಮಾತು. ಅದು ನಿನಗೆ ಇರುಸುಮುರುಸು ಅಂತ ನಿನ್ನ ಮುಖದಲ್ಲೇ ಕಾಣುತ್ತೆ. ಈ ಭಾನುವಾರ ಅವರಿಗೆ ಹೇಳೋದು ನನ್ನ ಜವಾಬ್ದಾರಿ.

ದಯವಿಟ್ಟು ಇದನ್ನ ಓದಿ ಅತ್ತೆ ಹತ್ರ ಹೋಗಿ ಕೇಳಬೇಡ. ಅತ್ತಿಗೆಗೂ ಕಳಿಸಬೇಡ. ಅವರು ತುಮಕೂರಿಂದ ಫೋನ್ ಮಾಡಿ ಸಮಾಧಾನ ಮಾಡೋಕೆ ಬರ್ತಾರೆ, ಒಳ್ಳೇ ಮನಸ್ಸಿಂದಾನೇ, ಆದ್ರೆ ಆಗ ಇದೂ ಎಲ್ಲರ ವಿಷಯ ಆಗುತ್ತೆ. ನೀನು ಅಮ್ಮನ ಕಡೆಯೋ ನನ್ನ ಕಡೆಯೋ ಅಂತ ನಾನು ಯಾವತ್ತೂ ಕೇಳಲ್ಲ. ಆ ಪ್ರಶ್ನೆ ಕೇಳಿದ ಮನೆಗಳನ್ನ ನಾವಿಬ್ಬರೂ ನೋಡಿದ್ದೀವಿ. ನೀನು ಅವರನ್ನ ನೋಡ್ಕೊಳ್ಳೋ ರೀತಿ ನೋಡೇ ನನಗೆ ನಿನ್ನ ಮೇಲೆ ಗೌರವ ಬಂದಿದ್ದು, ಅದು ಹಾಗೇ ಇರಬೇಕು.

ನಿನಗೂ ಹೇಳೋದಿರುತ್ತೆ. ಎರಡು ಕಡೆಯ ಮಾತೂ ಕೇಳ್ತಾ ಮಧ್ಯೆ ನಿಂತು ನಿನಗೆಷ್ಟು ಸುಸ್ತಾಗಿದೆ ಅಂತ ನೀನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಅದನ್ನ ಕೇಳಬೇಕು ಅಂತ ನನಗಿದೆ. ನನ್ನ ಯಾವ ಮಾತು, ಯಾವ ನಡವಳಿಕೆ ನಿನ್ನನ್ನ ಇಕ್ಕಟ್ಟಿಗೆ ಸಿಕ್ಕಿಸುತ್ತೆ ಅಂತ ಹೇಳು, ನಾನು ಮುನಿಸಿಕೊಳ್ಳಲ್ಲ.

ಇವತ್ತು ಉತ್ತರ ಬರೀಬೇಡ. ಶನಿವಾರ ಸಾಯಂಕಾಲ ಪಾಪೂನ ಅತ್ತೆ ಹತ್ರ ಬಿಟ್ಟು ಕುಕ್ಕರಹಳ್ಳಿ ಕೆರೆಗೆ ಹೋಗೋಣ, ಒಂದು ಸುತ್ತು ಹಾಕೋಷ್ಟರಲ್ಲಿ ಸ್ಕೂಲ್ ವಿಷಯ ತೀರ್ಮಾನ ಮಾಡಬಹುದು. ಆ ಅಡ್ವಾನ್ಸ್ ವಾಪಸ್ ಬರುತ್ತಾ ಅಂತ ನಾನು ಅಷ್ಟರೊಳಗೆ ಸ್ಕೂಲಿಗೆ ಫೋನ್ ಮಾಡಿ ವಿಚಾರಿಸಿರ್ತೀನಿ. ಬರದೇ ಹೋದ್ರೆ ಮಾವನಿಗೆ ಆ ಹತ್ತು ಸಾವಿರ ನಾವೇ ಕೊಡಬೇಕು. ಅವರು ಬೇಡ ಅಂತಾರೆ, ಹೇಗೆ ಕೊಡೋದು ಅಂತ ನೀನು ಯೋಚಿಸಿಟ್ಟಿರು.

ನಿನ್ನ
ಸುಮಾ